ಓಂಕಾರ: ಉಪನಿಷತ್ತುಗಳಲ್ಲಿ ಮೂರು ಮಾತ್ರೆ ಮತ್ತು ಅಮಾತ್ರ

ಓಂಕಾರ ವೇದಪಾಠದ ಮೊದಲಲ್ಲೂ ಕೊನೆಯಲ್ಲೂ ಉಚ್ಚರಿಸುವ ಏಕಾಕ್ಷರ. ಪ್ರಣವ, ಉದ್ಗೀಥ, ತಾರ ಎಂಬ ಹೆಸರುಗಳೂ ಇದಕ್ಕಿವೆ. ಯಜ್ಞಶಾಲೆಯಲ್ಲಿ ಸಮ್ಮತಿಯ ಮಾತಾಗಿ, ಮಂತ್ರದ ಕೊನೆಯನ್ನು ಹಿಗ್ಗಿಸುವ ಧ್ವನಿಯಾಗಿ ಬಳಕೆಯಲ್ಲಿದ್ದ ಈ ಅಕ್ಷರವನ್ನು ಉಪನಿಷತ್ತುಗಳು ಉಪಾಸನೆಯ ಆಲಂಬನವಾಗಿ ಎತ್ತಿಕೊಂಡವು. ಪ್ರಶ್ನೋಪನಿಷತ್ತು ಇದನ್ನು ಮೂರು ಮಾತ್ರೆಗಳಾಗಿ ಎಣಿಸಿತು. ಮಾಂಡೂಕ್ಯೋಪನಿಷತ್ತು ಆ ಮೂರನ್ನು ಅ, ಉ, ಮ ಎಂದು ಹೆಸರಿಸಿ, ಅವುಗಳಾಚೆಗೆ ಮಾತ್ರೆಯಿಲ್ಲದ ನಾಲ್ಕನೆಯದನ್ನು ಹೇಳಿತು. ಮೂರು ಧ್ವನಿಗಳು ಯಾವುವು ಎಂಬ ವಿಷಯದಲ್ಲಿ ವೇದಾಂತಿಗಳಿಗೆ ಜಗಳವಿಲ್ಲ. ಅವುಗಳ ಬಳಿಕ ಉಳಿಯುವುದೇನು ಎಂಬಲ್ಲಿ ದಾರಿಗಳು ಒಡೆಯುತ್ತವೆ. ಈ ಒಡಕಿನ ಒಂದು ಕವಲು ಇಂದಿನ ಕೊಪ್ಪಳ ಜಿಲ್ಲೆಯ ಆನೆಗೊಂದಿಯವರೆಗೆ ಹರಿದಿದೆ.

ಯಜ್ಞದಲ್ಲಿ ಓಂ

ಉಪನಿಷತ್ತುಗಳ ಚಿಂತನೆ ಶುರುವಾಗುವುದು ಯಜ್ಞದ ರೂಢಿಯಿಂದ. ಅಗ್ನಿಯನ್ನು ಪ್ರಜ್ವಲಿಸುವಾಗ ಹೋತೃ ಸಾಮಿಧೇನಿ ಎಂಬ ಋಕ್ಕುಗಳನ್ನು ಹೇಳುತ್ತಾನೆ. ಇರುವ ಋಕ್ಕುಗಳು 11. ಮೊದಲನೆಯದನ್ನೂ ಕೊನೆಯದನ್ನೂ ಮೂರು ಮೂರು ಸಲ ಹೇಳುವುದರಿಂದ ಒಟ್ಟು 15 ಆಗುತ್ತವೆ. ಪ್ರತಿ ಋಕ್ಕಿನ ಕೊನೆಯ ಸ್ವರ ಬರುವಲ್ಲಿ ಓಂ ಬರುತ್ತದೆ. ಆ ನಾದ ಮುಗಿಯುವಾಗ ಒಂದೊಂದು ಸಮಿತ್ತು ಬೆಂಕಿಗೆ ಬೀಳುತ್ತದೆ. ಯಜ್ಞಕರ್ಮದಲ್ಲಿ ಹೀಗೆ ಮಂತ್ರದ ಕೊನೆಯ ಸ್ವರದ ಜಾಗದಲ್ಲಿ ಬರುವ ಓಂಕಾರವನ್ನು ಪಾಣಿನಿ ಪ್ರಣವ ಎಂದು ಕರೆದು, ಅದಕ್ಕೆ ಪ್ಲುತವನ್ನು ವಿಧಿಸಿದ್ದಾನೆ. ಪಾಠದ ಆರಂಭದಲ್ಲಿ ಬರುವ ಓಂ ಕೂಡ ಪ್ಲುತವೆಂದು ಬೇರೊಂದು ಸೂತ್ರದಲ್ಲಿ ಹೇಳಿದ್ದಾನೆ.

ಕನ್ನಡದ ಲಘು, ಗುರುಗಳನ್ನು ಕಲಿತವರಿಗೆ ಈ ಲೆಕ್ಕ ಸುಲಭ. ಹ್ರಸ್ವ ಸ್ವರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ದೂರದಲ್ಲಿರುವವನನ್ನು ‘ಅಣ್ಣಾ’ ಎಂದು ಕೂಗಿ ಕರೆಯುವಾಗ ಕೊನೆಯ ಸ್ವರ ಎಳೆಯುವಷ್ಟು ಕಾಲ ಪ್ಲುತದ್ದು. ಓಂ ಮೊದಲು ಮೂರು ಮಾತ್ರೆಯದಾದದ್ದು ಹೀಗೆ, ಕಾಲದ ಅಳತೆಯಿಂದ. ಅದರಲ್ಲಿ ಮೂರು ಅಕ್ಷರಗಳಿವೆ ಎಂಬುದು ಇನ್ನೊಂದು ಎಣಿಕೆ. ಈ ಎರಡೂ ಎಣಿಕೆಗಳು ಉಪನಿಷತ್ತುಗಳಲ್ಲಿ ಒಂದರ ಮೇಲೊಂದು ಕೂತವು. ಆಗ ‘ಮಾತ್ರೆ’ ಎಂಬ ಮಾತಿಗೆ ಅಳತೆ ಎಂಬ ಅರ್ಥದ ಜೊತೆಗೆ ಅಂಶ, ಭಾಗ ಎಂಬ ಅರ್ಥವೂ ಬಂತು. ಮುಂದಿನ ಚರ್ಚೆಯೆಲ್ಲ ಈ ಎರಡು ಅರ್ಥಗಳ ನಡುವೆ ನಡೆಯುತ್ತದೆ.

ಸಾಮವೇದಕ್ಕೆ ಸೇರಿದ ಛಾಂದೋಗ್ಯೋಪನಿಷತ್ತು ಓಂಕಾರದಿಂದಲೇ ಆರಂಭವಾಗುತ್ತದೆ. ಅಲ್ಲಿ ಅದು ಉದ್ಗಾತೃ ಹಾಡುವ ಉದ್ಗೀಥ. ಭೂತಗಳ ರಸ ಭೂಮಿ, ಭೂಮಿಯದು ನೀರು, ನೀರಿನದು ಗಿಡಮೂಲಿಕೆ, ಅವುಗಳದು ಮನುಷ್ಯ, ಮನುಷ್ಯನದು ಮಾತು, ಮಾತಿನದು ಋಕ್ಕು, ಋಕ್ಕಿನದು ಸಾಮ, ಸಾಮದ ರಸ ಉದ್ಗೀಥ ಎಂದು ಸಾರವನ್ನು ಹಿಂಡುತ್ತ ಹೋಗಿ ಎಂಟನೆಯದಾಗಿ ಓಂಕಾರದಲ್ಲಿ ನಿಲ್ಲುತ್ತದೆ. ಒಪ್ಪಿಗೆ ಕೊಡುವವನು ಓಂ ಎನ್ನುತ್ತಾನೆ, ಆದ್ದರಿಂದ ಇದು ಸಮೃದ್ಧಿಯ ಅಕ್ಷರ ಎಂಬ ಲೋಕವ್ಯವಹಾರದ ಕಾರಣವನ್ನೂ ಅದು ಕೊಡುತ್ತದೆ. ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿ ಯಜ್ಞದ ಯಾವ ಯಾವ ಹಂತದಲ್ಲಿ ಯಾರು ಓಂ ಎನ್ನುತ್ತಾರೆ ಎಂಬ ಪಟ್ಟಿಯೇ ಇದೆ.

ಈ ಹಂತದಲ್ಲಿ ಓಂಕಾರ ಇಡಿಯಾದ ಅಕ್ಷರ. ಛಾಂದೋಗ್ಯದ ಒಂದು ಕಥೆಯಲ್ಲಿ ಮೃತ್ಯುವಿಗೆ ಅಂಜಿದ ದೇವತೆಗಳು ಮೂರು ವೇದಗಳೊಳಗೆ ಅವಿತುಕೊಳ್ಳುತ್ತಾರೆ. ನೀರಿನಲ್ಲಿ ಮೀನು ಕಂಡಂತೆ ಮೃತ್ಯುವಿಗೆ ಅಲ್ಲಿಯೂ ಅವರು ಕಾಣುತ್ತಾರೆ. ಕೊನೆಗೆ ಅವರು ಓಂ ಎಂಬ ಸ್ವರದೊಳಗೆ ಹೊಕ್ಕು ನಿರ್ಭಯರಾಗುತ್ತಾರೆ. ಇದೇ ಉಪನಿಷತ್ತಿನ ಎರಡನೆಯ ಅಧ್ಯಾಯ ಎಲೆಯ ನರ ಎಲೆಯನ್ನೆಲ್ಲ ಹೆಣೆದು ಹಿಡಿದಂತೆ ಓಂಕಾರ ಎಲ್ಲ ಮಾತನ್ನೂ ಹಿಡಿದಿದೆ ಎನ್ನುತ್ತದೆ. ಎಲೆಯ ನರವನ್ನು ಇನ್ನೂ ಯಾರೂ ಬಿಡಿಸಿ ನೋಡಿಲ್ಲ.

ಪ್ರಶ್ನೋಪನಿಷತ್ತು: ಮಾತ್ರೆಗಳ ಎಣಿಕೆ

ಆ ಬಿಡಿಸುವ ಕೆಲಸ ಪ್ರಶ್ನೋಪನಿಷತ್ತಿನ ಐದನೆಯ ಪ್ರಶ್ನೆಯಲ್ಲಿ ನಡೆಯುತ್ತದೆ. ಸಾಯುವವರೆಗೂ ಓಂಕಾರವನ್ನು ಧ್ಯಾನಿಸಿದವನು ಯಾವ ಲೋಕವನ್ನು ಗೆಲ್ಲುತ್ತಾನೆ ಎಂದು ಸತ್ಯಕಾಮ ಕೇಳುತ್ತಾನೆ. ಗುರು ಪಿಪ್ಪಲಾದನ ಉತ್ತರ ಎಣಿಕೆಯ ಉತ್ತರ. ಒಂದು ಮಾತ್ರೆಯನ್ನು ಧ್ಯಾನಿಸಿದವನನ್ನು ಋಕ್ಕುಗಳು ಮನುಷ್ಯಲೋಕಕ್ಕೇ ಬೇಗ ತರುತ್ತವೆ; ಅವನು ತಪಸ್ಸು, ಶ್ರದ್ಧೆಗಳಿಂದ ಇಲ್ಲಿಯೇ ದೊಡ್ಡವನಾಗುತ್ತಾನೆ. ಎರಡು ಮಾತ್ರೆಗಳನ್ನು ಧ್ಯಾನಿಸಿದವನನ್ನು ಯಜುಸ್ಸುಗಳು ಸೋಮಲೋಕಕ್ಕೆ ಏರಿಸುತ್ತವೆ. ಅಲ್ಲಿಯ ವೈಭವ ಉಂಡು ಅವನು ಮರಳುತ್ತಾನೆ. ಮೂರು ಮಾತ್ರೆಗಳ ಓಂಕಾರದಿಂದ ಪರಮಪುರುಷನನ್ನು ಧ್ಯಾನಿಸಿದವನು ಸೂರ್ಯನನ್ನು ಸೇರುತ್ತಾನೆ. ಹಾವು ಪೊರೆ ಕಳಚಿದಂತೆ ಪಾಪ ಕಳಚಿಕೊಂಡ ಅವನನ್ನು ಸಾಮಗಳು ಬ್ರಹ್ಮಲೋಕಕ್ಕೆ ಒಯ್ಯುತ್ತವೆ.

ಈ ಲೆಕ್ಕದ ಕೊನೆಗೆ ಪಿಪ್ಪಲಾದ ಒಂದು ಎಚ್ಚರಿಕೆ ಕೊಡುತ್ತಾನೆ. ಮೂರು ಮಾತ್ರೆಗಳನ್ನು ಬಿಡಿಬಿಡಿಯಾಗಿ ಬಳಸಿದರೆ ಅವು ಸಾವಿನ ವಶದಲ್ಲಿರುತ್ತವೆ. ಒಂದಕ್ಕೊಂದು ಹೊಂದಿಕೊಂಡು ಬಂದಾಗ ಮಾತ್ರ ಬಲ್ಲವನು ಅಲುಗುವುದಿಲ್ಲ. ಅ, ಉ, ಮ ಎಂಬುದು ತಿಳಿಯುವುದಕ್ಕಾಗಿ ಮಾಡಿದ ವಿಭಾಗ. ಉಚ್ಚಾರಣೆಯಲ್ಲಿ ಗುಣಸಂಧಿಯಿಂದ ಅ, ಉ ಸೇರಿ ಓ ಆಗಿಯೇ ಇರುತ್ತದೆ. ಶಿಕ್ಷಾಶಾಸ್ತ್ರ ಓಕಾರವನ್ನು ಕಂಠೋಷ್ಠ್ಯ ಎನ್ನುತ್ತದೆ: ಅಕಾರದ ಗಂಟಲು, ಉಕಾರದ ತುಟಿ ಎರಡೂ ಅದರಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಬಳಿಕ ತುಟಿ ಮುಚ್ಚಿದರೆ ಧ್ವನಿ ಮೂಗಿನಿಂದ ಹೊರಟು ಮಕಾರವಾಗುತ್ತದೆ. ಅ ಎಂದು ನಿಲ್ಲಿಸಿ, ಉ ಎಂದು ನಿಲ್ಲಿಸಿ, ಮ್ ಎಂದು ಮುಗಿಸುವವರಲ್ಲಿ ಮೂರು ಧ್ವನಿಗಳು ಕೇಳಿಸುತ್ತವೆ, ಓಂಕಾರ ಕೇಳಿಸುವುದಿಲ್ಲ.

ಮಾಂಡೂಕ್ಯ: ಮಾತ್ರೆಗಳೇ ಪಾದಗಳು

ಅಥರ್ವವೇದಕ್ಕೆ ಸೇರಿದ ಮಾಂಡೂಕ್ಯದಲ್ಲಿ ಇರುವುದು 12 ಮಂತ್ರಗಳು ಮಾತ್ರ. ಮೊದಲನೆಯದು ಓಂ ಎಂಬ ಅಕ್ಷರವೇ ಇದೆಲ್ಲ ಎನ್ನುತ್ತದೆ; ಮುಂದಿನ ಆರು ಆತ್ಮನನ್ನು ಕುರಿತವು, ಉಳಿದ ಐದು ಮತ್ತೆ ಅಕ್ಷರವನ್ನು ಕುರಿತವು. ಆತ್ಮನಿಗೆ ನಾಲ್ಕು ಪಾದಗಳು: ಎಚ್ಚರದಲ್ಲಿ ಹೊರಗನ್ನು ಅರಿಯುವ ವೈಶ್ವಾನರ, ಕನಸಿನಲ್ಲಿ ಒಳಗನ್ನು ಅರಿಯುವ ತೈಜಸ, ಏನನ್ನೂ ಬಯಸದೆ ಏನನ್ನೂ ಕಾಣದೆ ಗಾಢನಿದ್ದೆಯಲ್ಲಿ ಒಂದಾಗಿರುವ ಪ್ರಾಜ್ಞ, ಇವು ಮೂರೂ ಅಲ್ಲದ ನಾಲ್ಕನೆಯದು. ಎಂಟನೆಯ ಮಂತ್ರದಲ್ಲಿ ಎರಡು ಸಾಲುಗಳೂ ಸೇರುತ್ತವೆ: ಪಾದಗಳೇ ಮಾತ್ರೆಗಳು, ಮಾತ್ರೆಗಳೇ ಪಾದಗಳು.

ಹೋಲಿಕೆಗೆ ಉಪನಿಷತ್ತು ಕಾರಣಗಳನ್ನೂ ಕೊಡುತ್ತದೆ. ಅಕಾರ ವೈಶ್ವಾನರ, ಏಕೆಂದರೆ ಅದಕ್ಕೆ ‘ಆಪ್ತಿ’, ಅಂದರೆ ವ್ಯಾಪ್ತಿ, ಇದೆ, ‘ಆದಿ’ತನವೂ ಇದೆ. ವರ್ಣಮಾಲೆಯಲ್ಲಿ ಮೊದಲು ಬರುವುದೂ ಎಲ್ಲ ಧ್ವನಿಗಳಲ್ಲಿ ಬೆರೆತಿರುವುದೂ ಅಕಾರವೇ. ಉಕಾರ ತೈಜಸ, ಅದಕ್ಕೆ ‘ಉತ್ಕರ್ಷ’ ಇದೆ, ‘ಉಭಯತ್ವ’ವೂ ಇದೆ. ಕನಸು ಎಚ್ಚರಕ್ಕೂ ನಿದ್ದೆಗೂ ನಡುವೆ ಇರುವಂತೆ ಉಕಾರ ಎರಡು ಅಕ್ಷರಗಳ ನಡುವೆ ಇದೆ. ಮಕಾರ ಪ್ರಾಜ್ಞ, ಅದಕ್ಕೆ ‘ಮಿತಿ’, ಅಂದರೆ ಅಳೆಯುವುದು, ಮತ್ತು ‘ಅಪೀತಿ’, ಅಂದರೆ ಲಯವಾಗುವುದು, ಕಾರಣಗಳು. ಮೊದಲೆರಡರಲ್ಲಿ ಕಾರಣದ ಪದವೂ ಅಕ್ಷರವೂ ಒಂದೇ ಧ್ವನಿಯಿಂದ ಶುರುವಾಗುವುದನ್ನು ಗಮನಿಸಬಹುದು. ಮೂರನೆಯದರಲ್ಲಿ ಮಿತಿ ಎಂಬ ಪದ ಆ ಕೆಲಸ ಮಾಡುತ್ತದೆ.

ಮಿತಿ ಎಂಬುದನ್ನು ಶಂಕರಾಚಾರ್ಯರು ಕಾಳು ಅಳೆಯುವ ಪ್ರಸ್ಥವೆಂಬ ಪಾತ್ರೆಯ ಹೋಲಿಕೆಯಿಂದ ಬಿಡಿಸುತ್ತಾರೆ. ಎರೆಹೊಲದ ಸೀಮೆಯವರು ಸೇರಿನಲ್ಲಿ ಜೋಳ ಅಳೆಯುವುದನ್ನು ನೆನೆದರೆ ಇದು ಕಣ್ಣಿಗೆ ಕಟ್ಟುತ್ತದೆ. ಕಾಳು ಸೇರಿನೊಳಕ್ಕೆ ಹೋಗುತ್ತದೆ, ಸುರಿದಾಗ ಹೊರಬರುತ್ತದೆ, ಮತ್ತೆ ತುಂಬುತ್ತದೆ. ಎಚ್ಚರವೂ ಕನಸೂ ಹಾಗೆಯೇ ನಿದ್ದೆಯೊಳಗೆ ಹೋಗಿ ನಿದ್ದೆಯಿಂದಲೇ ಹೊರಬರುತ್ತವೆ. ಜಪದಲ್ಲಿಯೂ ಇದೇ ನಡೆಯುತ್ತದೆ: ಅ, ಉ ಎರಡೂ ಮಕಾರದಲ್ಲಿ ಅಡಗುತ್ತವೆ, ಮುಂದಿನ ಓಂಕಾರದಲ್ಲಿ ಅಲ್ಲಿಂದಲೇ ಎದ್ದು ಬರುತ್ತವೆ. ಹೀಗಾಗಿ ತುಟಿ ಮುಚ್ಚುವ ಮಕಾರ ಕೊನೆಯಲ್ಲ, ಮರಳುವ ದಾರಿ ಇನ್ನೂ ತೆರೆದೇ ಇರುವ ಒಂದು ಅಳತೆ.

ಪ್ರತಿ ಮಾತ್ರೆಯನ್ನು ಅರಿತವನಿಗೆ ಉಪನಿಷತ್ತು ಒಂದೊಂದು ಫಲ ಹೇಳುತ್ತದೆ. ಅಕಾರವನ್ನು ಅರಿತವನು ಎಲ್ಲ ಬಯಕೆಗಳನ್ನು ಪಡೆದು ಮೊದಲಿಗನಾಗುತ್ತಾನೆ. ಉಕಾರವನ್ನು ಅರಿತವನ ಜ್ಞಾನ ಬೆಳೆಯುತ್ತದೆ, ಅವನ ಕುಲದಲ್ಲಿ ಬ್ರಹ್ಮವನ್ನು ಅರಿಯದವನು ಹುಟ್ಟುವುದಿಲ್ಲ. ಮಕಾರವನ್ನು ಅರಿತವನು ಇದೆಲ್ಲವನ್ನೂ ಅಳೆಯಬಲ್ಲ. ಹನ್ನೆರಡನೆಯ ಮಂತ್ರದ ನಾಲ್ಕನೆಯದಕ್ಕೆ ಇಂಥ ಗಳಿಕೆ ಏನೂ ಇಲ್ಲ. ಅರಿತವನು ತನ್ನಿಂದ ತನ್ನೊಳಗೇ ಹೊಗುತ್ತಾನೆ, ಅಷ್ಟೆ. ಆ ನಾಲ್ಕನೆಯದನ್ನು ಉಪನಿಷತ್ತು ಅಮಾತ್ರ ಎಂದು ಕರೆಯುತ್ತದೆ. ಅದು ವ್ಯವಹಾರಕ್ಕೆ ಸಿಗದು, ಪ್ರಪಂಚ ಅಲ್ಲಿ ಅಡಗಿದೆ, ಅದು ಶಿವ, ಅದ್ವೈತ.

ಮೌನ ನಿದ್ದೆಯಲ್ಲ: ಗೌಡಪಾದ, ಶಂಕರ

ಮಾಂಡೂಕ್ಯದ ಮೇಲೆ ಗೌಡಪಾದರು ನಾಲ್ಕು ಪ್ರಕರಣಗಳ 215 ಕಾರಿಕೆಗಳನ್ನು ರಚಿಸಿದರು. ಉಪನಿಷತ್ತಿನ ಮಂತ್ರಗಳನ್ನು ಹೆಜ್ಜೆಹೆಜ್ಜೆಗೂ ಅನುಸರಿಸುವುದು 29 ಕಾರಿಕೆಗಳ ಮೊದಲ ಪ್ರಕರಣವಾದ ಆಗಮ ಪ್ರಕರಣ. ಅಕಾರ ವೈಶ್ವಾನರನಾದ ವಿಶ್ವನ ಕಡೆಗೂ ಉಕಾರ ತೈಜಸನ ಕಡೆಗೂ ಮಕಾರ ಪ್ರಾಜ್ಞನ ಕಡೆಗೂ ಒಯ್ಯುತ್ತವೆ, ಅಮಾತ್ರದಲ್ಲಿ ಗತಿಯೇ ಇಲ್ಲ ಎಂದು ಅಲ್ಲಿ ಹೇಳಿದೆ. ಹೋಗುವುದೆಂಬುದು ಅಳತೆಯಿರುವ ಕಡೆ ಮಾತ್ರ ಸಾಧ್ಯ.

ಮಕಾರ ಮುಗಿದು ಸದ್ದು ಅಡಗಿದರೆ ಮನಸ್ಸೂ ಅಡಗುತ್ತದೆ. ಅದೇ ನಾಲ್ಕನೆಯದಾದ ತುರೀಯ ಎಂದು ಭಾವಿಸುವ ತಪ್ಪನ್ನು ಗೌಡಪಾದರು ಮೊದಲೇ ಕಂಡಿದ್ದಾರೆ. ಎರಡೆಂಬುದು ಕಾಣಿಸದಿರುವುದು ಪ್ರಾಜ್ಞನಿಗೂ ತುರೀಯಕ್ಕೂ ಸಮಾನ. ಆದರೆ ಪ್ರಾಜ್ಞನಲ್ಲಿ ನಿದ್ದೆಯೆಂಬ ಬೀಜ ಇದೆ, ತುರೀಯದಲ್ಲಿ ಅದಿಲ್ಲ. ಒಂದನ್ನು ಇನ್ನೊಂದಾಗಿ ಕಾಣುವುದು ಕನಸು, ನಿಜವನ್ನು ಅರಿಯದಿರುವುದು ನಿದ್ದೆ. ಈ ಎರಡೂ ಹೋದಾಗ ತುರೀಯ. ಬೀಜ ಇತ್ತೋ ಇಲ್ಲವೋ ಎಂಬುದು ಮೊಳಕೆಯಿಂದ ಗೊತ್ತಾಗುತ್ತದೆ. ಮೌನದಿಂದ ಎದ್ದವನಿಗೆ ಮಲಗುವ ಮುಂಚಿನ ಆಸೆ, ಅಂಜಿಕೆ, ಹಗೆತನಗಳೆಲ್ಲ ಇದ್ದಲ್ಲಿಯೇ ಸಿಕ್ಕಿದರೆ ಅವನು ಮುಟ್ಟಿದ್ದು ಮಕಾರವನ್ನು, ಅಮಾತ್ರವನ್ನಲ್ಲ.

ಅದ್ವೈತದ ಪ್ರಕಾರ ತುರೀಯ ನಾಲ್ಕನೆಯ ಸ್ಥಿತಿಯೂ ಅಲ್ಲ. ಮೂರು ಸ್ಥಿತಿಗಳು ಬಂದು ಹೋಗುವಾಗಲೂ ಇರುವ ಅರಿವು ಅದು. ಹಗ್ಗದಲ್ಲಿ ಕಂಡ ಹಾವು ಇಲ್ಲವಾದಾಗ ಹಗ್ಗ ಹೊಸದಾಗಿ ಹುಟ್ಟುವುದಿಲ್ಲ. ಹಾಗೆಯೇ ಓಂಕಾರದ ಬಳಿಕದ ಮೌನ ಮೂರರ ಮುಂದೆ ಸೇರಿಸುವ ನಾಲ್ಕನೆಯ ತುಂಡಲ್ಲ. ಧ್ವನಿ ಇದ್ದಾಗಲೂ ಅದು ಇತ್ತು. ಇದನ್ನು ಮಾತಿನಲ್ಲಿ ಹೇಳುವ ತೊಡಕಿಗೆ ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಬಾಧ್ವನ ಕಥೆಯನ್ನು ಎತ್ತುತ್ತಾರೆ. ಬ್ರಹ್ಮವನ್ನು ತಿಳಿಸು ಎಂದು ಬಾಷ್ಕಲಿ ಕೇಳಿದಾಗ ಗುರು ಸುಮ್ಮನಿರುತ್ತಾನೆ. ಮತ್ತೆ ಮತ್ತೆ ಕೇಳಿದಾಗ, ಹೇಳುತ್ತಲೇ ಇದ್ದೇನೆ, ನಿನಗೆ ತಿಳಿಯುತ್ತಿಲ್ಲ, ಈ ಆತ್ಮ ಶಾಂತವಾದದ್ದು ಎನ್ನುತ್ತಾನೆ.

ಆನೆಗೊಂದಿಯ ಪರಂಪರೆ: ಮೌನಕ್ಕೂ ಒಂದು ರೂಪ

ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿ ನವಬೃಂದಾವನವಿದೆ. ದೋಣಿಯಲ್ಲಿ ಹೊಳೆ ದಾಟಿ ಹೋಗಬೇಕಾದ ಈ ಜಾಗದಲ್ಲಿ ಮಾಧ್ವ ಪರಂಪರೆಯ ಒಂಬತ್ತು ಯತಿಗಳ ಬೃಂದಾವನಗಳಿವೆ. ಅವುಗಳಲ್ಲಿ ಹಳೆಯದು ಮಧ್ವಾಚಾರ್ಯರ ನೇರ ಶಿಷ್ಯರಾದ ಪದ್ಮನಾಭತೀರ್ಥರದು. 1539ರಲ್ಲಿ ಬೃಂದಾವನಸ್ಥರಾದ ವ್ಯಾಸತೀರ್ಥರದೂ ಮಂತ್ರಾಲಯದ ರಾಘವೇಂದ್ರತೀರ್ಥರ ಗುರು ಸುಧೀಂದ್ರತೀರ್ಥರದೂ ಇಲ್ಲಿಯೇ ಇವೆ. ಓಂಕಾರವನ್ನು ಅದ್ವೈತಕ್ಕಿಂತ ತೀರ ಬೇರೆಯಾಗಿ ಓದಿದ ಪರಂಪರೆ ಇದು.

ಮಧ್ವರು ಹತ್ತು ಉಪನಿಷತ್ತುಗಳಿಗೆ ಭಾಷ್ಯ ಬರೆದರು, ಮಾಂಡೂಕ್ಯವೂ ಅವುಗಳಲ್ಲಿ ಒಂದು. ಅವರ ಪ್ರಕಾರ ಮಂಡೂಕ ಎಂದರೆ ಕಪ್ಪೆಯ ರೂಪ ತಾಳಿದ ವರುಣ. ಅವನು ನಾರಾಯಣನ ನಾಲ್ಕು ರೂಪಗಳನ್ನು ಸ್ತುತಿಸಿದ್ದೇ ಈ ಉಪನಿಷತ್ತು. ಅದ್ವೈತಿಗಳು ಗೌಡಪಾದರದೆನ್ನುವ ಆಗಮ ಪ್ರಕರಣದ ಶ್ಲೋಕಗಳನ್ನು ಅವರು ಶ್ರುತಿಯ ಭಾಗವೆಂದೇ ಎಣಿಸಿದರು. ಒಂದೇ ಪಾಠ ಒಂದು ಕಡೆ ವ್ಯಾಖ್ಯಾನ, ಇನ್ನೊಂದು ಕಡೆ ಮೂಲ.

ಓದಿನ ಅಂತರ ಒಂದು ವಿವರದಲ್ಲಿ ಚೆನ್ನಾಗಿ ಕಾಣುತ್ತದೆ. ವೈಶ್ವಾನರನಿಗೆ ಏಳು ಅಂಗ, ಹತ್ತೊಂಬತ್ತು ಮುಖ ಎಂದು ಮಂತ್ರ ಹೇಳುತ್ತದೆ. ಶಂಕರರು ಛಾಂದೋಗ್ಯದ ವಿರಾಟ್ ಪುರುಷನನ್ನು ನೆನೆದು ದ್ಯುಲೋಕ ತಲೆ, ಸೂರ್ಯ ಕಣ್ಣು, ಭೂಮಿ ಕಾಲು ಎಂಬಂತೆ ಏಳು ಅಂಗಗಳನ್ನು ಹೇಳುತ್ತಾರೆ. ಐದು ಜ್ಞಾನೇಂದ್ರಿಯ, ಐದು ಕರ್ಮೇಂದ್ರಿಯ, ಐದು ಪ್ರಾಣ, ಮನಸ್ಸು ಮೊದಲಾದ ಅಂತಃಕರಣದ ನಾಲ್ಕು ಸೇರಿ ಅವರಿಗೆ ಹತ್ತೊಂಬತ್ತು ಮುಖಗಳು. ಮಧ್ವರಿಗೆ ಅದು ಮೂರ್ತಿಯ ವರ್ಣನೆ. ನಾಲ್ಕು ಕೈ, ಎರಡು ಕಾಲು, ಒಂದು ಸೊಂಡಿಲು ಸೇರಿ ಏಳು ಅಂಗ. ನಡುವೆ ಆನೆಯ ಮುಖ, ಎರಡೂ ಬದಿಗೆ ಒಂಬತ್ತೊಂಬತ್ತು ಪುರುಷಮುಖಗಳು ಸೇರಿ ಹತ್ತೊಂಬತ್ತು. ಒಬ್ಬರಿಗೆ ಜೀವನ ಅನುಭವದ ಬಾಗಿಲುಗಳಾದದ್ದು ಇನ್ನೊಬ್ಬರಿಗೆ ಆ ಅನುಭವವನ್ನು ಕೊಡುವ ದೇವರ ರೂಪ. ವಿಶ್ವ ಬಲಗಣ್ಣಿನಲ್ಲಿದ್ದು ಜೀವನನ್ನು ಎಚ್ಚರದಲ್ಲಿಡುತ್ತಾನೆ, ತೈಜಸ ಕನಸು ತೋರಿಸುತ್ತಾನೆ, ಪ್ರಾಜ್ಞ ಹೃದಯದಲ್ಲಿದ್ದು ನಿದ್ದೆ ಕೊಡುತ್ತಾನೆ, ತುರೀಯ ಬಿಡುಗಡೆ ಕೊಡುತ್ತಾನೆ.

ಹೀಗಿರುವಾಗ ಮಕಾರದ ಬಳಿಕ ಬರುವುದು ಬರಿದಾದ ಮೌನವಾಗುವಂತಿಲ್ಲ. ಮೂರು ಅಕ್ಷರಗಳು ಮೂರು ರೂಪಗಳನ್ನು ಹೇಳಿದರೆ, ಮುಂದೆ ಉಳಿಯುವ ನಾದ ತುರೀಯನನ್ನು ಹೇಳುತ್ತದೆ. ಮಧ್ವರ ತಂತ್ರಸಾರಸಂಗ್ರಹದಲ್ಲಿ ಪ್ರಣವಕ್ಕೆ ಎಂಟು ಅಂಶಗಳು. ಅ, ಉ, ಮಗಳ ಬಳಿಕ ನಾದ, ಬಿಂದು ಮೊದಲಾಗಿ ಸಾಗಿ ಶಾಂತ, ಅತಿಶಾಂತಗಳಲ್ಲಿ ಎಣಿಕೆ ಮುಗಿಯುತ್ತದೆ. ಎಂಟಕ್ಕೂ ವಿಶ್ವನಿಂದ ಜ್ಞಾನಾತ್ಮನವರೆಗೆ ಎಂಟು ಭಗವದ್ರೂಪಗಳಿವೆ. ಅದ್ವೈತ ಎಣಿಕೆಯನ್ನು ನಿಲ್ಲಿಸಿದ ಕಡೆ ಈ ಪರಂಪರೆ ಎಣಿಸುತ್ತ ಹೋಗುತ್ತದೆ. ಶಾಂತವೂ ಇಲ್ಲಿ ಗುಣವುಳ್ಳದ್ದು.

ಇದರ ಹಿಂದಿರುವ ತತ್ತ್ವವನ್ನು ಮಧ್ವರು ಅನುವ್ಯಾಖ್ಯಾನದ ಆರಂಭದಲ್ಲಿ ಬ್ರಹ್ಮಸೂತ್ರದ ಮೊದಲಿಗೆ ಬರುವ ಓಂಕಾರವನ್ನು ವಿವರಿಸುತ್ತ ಹೇಳುತ್ತಾರೆ. ಓಂ ಎಂದರೆ ‘ಓತ’, ಹಾಸುಹೊಕ್ಕಾಗಿ ನೇಯ್ದದ್ದು. ಬ್ರಹ್ಮ ಗುಣಗಳಿಂದ ಹೀಗೆ ತುಂಬಿದ್ದು ಎಂಬುದೇ ಆ ಅಕ್ಷರದ ಅರ್ಥ. ಹಾಗಾಗಿ ಗುಣಪೂರ್ಣವಾದ ಬ್ರಹ್ಮವನ್ನು ಓಂಕಾರ ಹೆಸರಿಡಿದು ಹೇಳುತ್ತದೆ, ಬ್ರಹ್ಮ ಮಾತಿಗೆ ಪೂರ್ತಿ ಎಟುಕದಷ್ಟೇ ಹೊರತು ಮಾತಿನ ಆಚೆಗೆ ನಿಂತಿಲ್ಲ. ಈ ಗ್ರಂಥಕ್ಕೆ ಸನ್ನ್ಯಾಯರತ್ನಾವಳಿ ಎಂಬ ಟೀಕೆ ಬರೆದವರು ಆನೆಗೊಂದಿಯ ನಡುಗಡ್ಡೆಯಲ್ಲಿರುವ ಪದ್ಮನಾಭತೀರ್ಥರೇ. ಸುಧೀಂದ್ರರ ಶಿಷ್ಯ ರಾಘವೇಂದ್ರತೀರ್ಥರು ಉಪನಿಷತ್ತುಗಳಿಗೆ ಬರೆದ ಖಂಡಾರ್ಥಗಳು ಈ ಓದನ್ನು ಪದಪದವಾಗಿ ಬಿಡಿಸಿ ಪಾಠಕ್ಕೆ ಒದಗಿಸಿದವು.

ಉಪನಿಷತ್ತಿನ ಆಚೆಯ ಎಣಿಕೆಗಳು

ಓಂಕಾರವನ್ನು ಬಿಡಿಸುವ ಕ್ರಮ ವೇದಾಂತಿಗಳದು ಮಾತ್ರವಲ್ಲ. ಶಾಸನಗಳು ಕೊಪಣ ಎಂದು ಕರೆಯುವ ಕೊಪ್ಪಳ ಜೈನರ ಮಹಾತೀರ್ಥವಾಗಿತ್ತು. ಜೈನರು ಈ ಅಕ್ಷರದಲ್ಲಿ ಪಂಚಪರಮೇಷ್ಠಿಗಳನ್ನು ಕಾಣುತ್ತಾರೆ: ಅರಿಹಂತರ ಅ, ಅಶರೀರರಾದ ಸಿದ್ಧರ ಅ, ಆಚಾರ್ಯರ ಆ, ಉಪಾಧ್ಯಾಯರ ಉ, ಮುನಿಗಳ ಮ. ಮೊದಲ ಮೂರು ಸವರ್ಣದೀರ್ಘವಾಗಿ ಆ, ಅದರೊಡನೆ ಉ ಸೇರಿ ಓ, ಕೊನೆಗೆ ಮ. ಸಂಧಿ ಅದೇ, ಸಂಖ್ಯೆ ಮೂರರ ಬದಲು ಐದು. ಇಲ್ಲಿ ಐದನ್ನು ಮೀರಿದ ಆರನೆಯದೊಂದು ಬೇಕಾಗುವುದಿಲ್ಲ.

ವೀರಶೈವ, ಲಿಂಗಾಯತ ಪರಂಪರೆಯಲ್ಲಿ ಓಂ ಷಡಕ್ಷರಿಯ ಒಂದು ಅಕ್ಷರ. ನ, ಮ, ಶಿ, ವಾ, ಯ ಎಂಬ ಐದಕ್ಕೆ ಆಚಾರಲಿಂಗದಿಂದ ಪ್ರಸಾದಲಿಂಗದವರೆಗಿನ ಐದು ಲಿಂಗಗಳು, ಓಂಕಾರಕ್ಕೆ ಮಹಾಲಿಂಗ. ಮಹಾಲಿಂಗ ಷಟ್‌ಸ್ಥಲದ ಕೊನೆಯ ಐಕ್ಯಸ್ಥಲಕ್ಕೆ ಸೇರಿದ್ದು. ಬಾಯಿಯಲ್ಲಿ ಮೊದಲು ಬರುವ ಅಕ್ಷರ ಸಾಧನೆಯಲ್ಲಿ ಕೊನೆಯದಾಗುತ್ತದೆ. ಇಲ್ಲಿ ಓಂಕಾರವನ್ನು ಒಡೆಯುವ ಬದಲು ಇಡಿಯಾಗಿ ಉಳಿಸಿಕೊಂಡು ಉಳಿದ ಅಕ್ಷರಗಳನ್ನು ಅದರ ಕಡೆಗೆ ಮೆಟ್ಟಿಲು ಮಾಡಲಾಗಿದೆ.

ಧ್ವನಿಯಿಂದ ನಿಶ್ಶಬ್ದಕ್ಕೆ

ಮೌನ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಿವಿಯಿಂದಲೇ ಹುಡುಕಿದವರು ಮೈತ್ರಾಯಣೀಯ ಮತ್ತು ಯೋಗೋಪನಿಷತ್ತುಗಳ ಕರ್ತೃಗಳು. ಶಬ್ದಬ್ರಹ್ಮ, ಅಶಬ್ದಬ್ರಹ್ಮ ಎಂದು ಎರಡಿವೆ, ಶಬ್ದದಿಂದಲೇ ಅಶಬ್ದ ತೋರುತ್ತದೆ ಎಂದು ಮೈತ್ರಾಯಣೀಯ ಹೇಳುತ್ತದೆ. ಜೇಡ ತನ್ನ ನೂಲಿನ ಮೇಲೆ ಹತ್ತಿ ಬಯಲು ಸೇರುವಂತೆ ಧ್ಯಾನಿ ಓಂಕಾರದ ಮೇಲೆ ಹತ್ತುತ್ತಾನೆ. ಹೆಬ್ಬೆರಳಿನಿಂದ ಕಿವಿ ಮುಚ್ಚಿಕೊಂಡಾಗ ಒಳಗೆ ಕೇಳುವ ಸದ್ದಿಗೆ ಹೊಳೆ, ಗೆಜ್ಜೆ, ಕಂಚಿನ ಪಾತ್ರೆ, ಗಾಲಿ, ಕಪ್ಪೆಯ ಕೂಗು, ಮಳೆ ಮೊದಲಾದ ಏಳು ಹೋಲಿಕೆಗಳನ್ನು ಅದು ಕೊಡುತ್ತದೆ. ಈ ಸದ್ದನ್ನೂ ದಾಟಬೇಕೆಂಬುದು ಅದರ ಮಾತು. ಒಳಗಿನ ಸದ್ದು ಕೇಳಿತೆಂದು ಅಲ್ಲೇ ನಿಂತವನು ನೂಲಿನ ನಡುವೆ ನಿಂತ ಜೇಡ.

ಧ್ಯಾನಬಿಂದೂಪನಿಷತ್ತು ಪ್ರಣವದ ಕೊನೆಯನ್ನು ಕಡಿಯದ ಎಣ್ಣೆಯ ಧಾರೆಗೂ ಘಂಟೆಯ ದೀರ್ಘನಾದಕ್ಕೂ ಹೋಲಿಸುತ್ತದೆ. ವ್ಯಾಕರಣದಲ್ಲಿ ವ್ಯಂಜನಕ್ಕೆ ಅರ್ಧಮಾತ್ರೆ ಕಾಲ. ಪ್ಲುತ ಓಕಾರದ ಮೂರಕ್ಕೆ ಮಕಾರದ ಅರ್ಧ ಸೇರಿದರೆ ಮೂರೂವರೆ. ಅಥರ್ವಶಿಖೆಯಂಥ ಉಪನಿಷತ್ತುಗಳು ನಾಲ್ಕನೆಯದನ್ನು ಅ, ಉ, ಮಗಳ ಬಳಿಕದ ಅರ್ಧಮಾತ್ರೆಯಲ್ಲಿ ಇರಿಸಿದವು. ಹೀಗೆ ನಾಲ್ಕನೆಯದಕ್ಕೆ ಮೂರು ಉತ್ತರಗಳು ಉಳಿದು ಬಂದಿವೆ: ಅಳತೆಯೇ ಇಲ್ಲದ್ದು ಎಂಬ ಅದ್ವೈತದ್ದು, ನಾದರೂಪದ ಭಗವಂತ ಎಂಬ ದ್ವೈತದ್ದು, ಅಳತೆಯ ತೀರ ಸಣ್ಣ ತುದಿ ಎಂಬ ಅಥರ್ವಶಿಖೆಯಂಥ ಉಪನಿಷತ್ತುಗಳದು. ಗೌಡಪಾದರ ಆಗಮ ಪ್ರಕರಣದ ಕಡೆಯ ಕಾರಿಕೆ ಓಂಕಾರವನ್ನು ಅಮಾತ್ರವೂ ಹೌದು, ಅನಂತಮಾತ್ರವೂ ಹೌದು ಎನ್ನುವಾಗ ಅಳೆಯುವ ಕೋಲನ್ನೇ ಕೆಳಗಿಡುತ್ತದೆ.

ಕನ್ನಡ ಬರವಣಿಗೆಯಲ್ಲಿ ಓಂ ಎಂಬುದು ಒಂದು ಓಕಾರ, ಒಂದು ಸೊನ್ನೆ. ಅ, ಉ ಎರಡೂ ಓಕಾರದೊಳಗೆ ಅಡಗಿವೆ. ಸೊನ್ನೆ ಮೌನದ ಗುರುತೆಂದು ಹಲವರು ವ್ಯಾಖ್ಯಾನಿಸುವುದುಂಟು, ಆದರೆ ಅದು ತುಟಿ ಮುಚ್ಚಿದ ಮಕಾರದ ಗುರುತು, ಅಂದರೆ ಮಾಂಡೂಕ್ಯದ ಲೆಕ್ಕದಲ್ಲಿ ನಿದ್ದೆಯದು. ಹನ್ನೆರಡನೆಯ ಮಂತ್ರ ಹೇಳುವ ನಾಲ್ಕನೆಯದಕ್ಕೆ ಲಿಪಿಯಲ್ಲಿ ಗುರುತಿಲ್ಲ.